ಹನ್ನೆರಡು ತಾಸು ನಿಲ್ಲುವ ಕಾಲಿಗೆ ಯಾವ ಸೇಫ್ಟಿ ಶೂ?

ಪ್ರಶ್ನೆ: ಸರ್, ನಾನು ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿದ್ದೇನೆ. ಕಾಸ್ಟಿಂಗ್ ಏರಿಸುವುದು, ಇಳಿಸುವುದು, ಆಮೇಲೆ ಕುಳಿತು ಅಂಚಿನಲ್ಲಿ ಉಳಿದ ಚೂಪು ಬರ್ ತೆಗೆಯುವುದು ನನ್ನ ಕೆಲಸ. ಒಂದು ಪೀಸು 18 ಕೆಜಿ, ಕೆಲವು 35 ಕೆಜಿ. ಮೊದಲು 8 ತಾಸು ಇತ್ತು, ಈಗ ಓವರ್‌ಟೈಮ್ ಸೇರಿ 12 ತಾಸು. ಕಂಪನಿ ಕೊಟ್ಟ 7ನೇ ನಂಬರ್ ಶೂ ಹಾಕಿ ನಾಲ್ಕು ತಿಂಗಳಾಯಿತು. ಹೆಬ್ಬೆರಳ ಉಗುರು ಕಪ್ಪಾಗಿದೆ, ಕಿರುಬೆರಳ ಮೇಲೆ ಆಣಿ ಎದ್ದಿದೆ, ಸಂಜೆಗೆ ಹಿಮ್ಮಡಿ ಉರಿಯುತ್ತದೆ. ಜೆಲ್ ಇನ್‌ಸೋಲ್ ತಂದು ಹಾಕಿದೆ, ಬೆರಳ ನೋವು ಇನ್ನೂ ಜಾಸ್ತಿ ಆಯಿತು. ಹೊಸದು ಕೊಳ್ಳೋಣ ಅಂತ ಹೋದರೆ ಅಂಗಡಿಯವರು, "ಸ್ಟೀಲ್ ತಗೋಬ್ಯಾಡ್ರಿ, ಭಾರ ಬಿದ್ರ ಬೆರಳ ಕಟ್ ಆಗ್ತಾವ, ಫೈಬರ್ ತಗೋರಿ" ಅಂದರು. ಯಾವುದು ಸರಿ? 8ನೇ ನಂಬರ್ ತಗೊಂಡರೆ ಸಾಕಾ? ನನ್ನ ಭಾವಮೈದ ಬಾಗಲಕೋಟೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಇಬ್ಬರಿಗೂ ಒಂದೇ ತರಹದ ಶೂ ಆಗುತ್ತದಾ?

ಉತ್ತರ: ಮೊದಲು ಆ ಜೆಲ್ ಇನ್‌ಸೋಲ್ ತೆಗೆದುಬಿಡಿ. ಇವತ್ತೇ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದಕ್ಕೆ ಶೂನ ಮೂತಿಯೊಳಗೆ ಬೆರಳುಗಳ ಮೇಲೆ ಕೂರುವ ಗಟ್ಟಿ ಕವಚ, ಅಂದರೆ ಟೋ ಕ್ಯಾಪ್, ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು.

ಈಗ ಅಂಗಡಿಯವರ ಮಾತಿಗೆ ಬರೋಣ. "ಸ್ಟೀಲ್ ಬೆರಳು ಕತ್ತರಿಸುತ್ತದೆ" ಅನ್ನುವ ಮಾತನ್ನು ನಾನು ಸೇಫ್ಟಿ ಆಫೀಸರ್ ಆಗಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕೇಳಿದ್ದೆ. ಈಗಲೂ ಕೇಳುತ್ತೇನೆ. ಹೇಳುವವರು ಯಾರೂ ಅದನ್ನು ಕಣ್ಣಾರೆ ಕಂಡಿರುವುದಿಲ್ಲ, ಬೇರೆ ಯಾವುದೋ ಫೌಂಡ್ರಿಯಲ್ಲಿ ಆಗಿತ್ತಂತೆ ಅನ್ನುತ್ತಾರೆ. ಕ್ಯಾಪ್‌ನ ಕೆಳ ಅಂಚು ಒಳಕ್ಕೆ ಮಡಚಿಕೊಂಡು ಸೋಲಿನ ಮೇಲೆ ಕೂತಿರುತ್ತದೆ. ಮೇಲಿಂದ ಭಾರ ಬಿದ್ದರೆ ಆ ಕಮಾನು ಭಾರವನ್ನು ಸುತ್ತಲಿನ ಅಂಚಿಗೆ ದಾಟಿಸುತ್ತದೆ, ಅಲ್ಲಿಂದ ಅದು ಸೋಲಿಗೆ ಹೋಗುತ್ತದೆ. ಆ ಕಮಾನನ್ನು ಪೂರ್ತಿ ಚಪ್ಪಟೆ ಮಾಡುವಷ್ಟು ಭಾರ ಬಿತ್ತು ಅಂದುಕೊಳ್ಳಿ. ಕ್ಯಾಪ್ ಇಲ್ಲದಿದ್ದರೆ ಆ ಬೆರಳಿನ ಗತಿ ಏನಾಗುತ್ತಿತ್ತು? ಕ್ಯಾಪ್ ಬಗ್ಗುವುದಕ್ಕೆ ಎಷ್ಟೋ ಮೊದಲೇ ಬೆರಳು ಜಜ್ಜಿ ಹೋಗಿರುತ್ತಿತ್ತು.

ಇನ್ನು ಸ್ಟೀಲೋ ಫೈಬರೋ. ನಮ್ಮಲ್ಲಿ ಸೇಫ್ಟಿ ಶೂಗೆ ಐಎಸ್ 15298, ಭಾಗ 2 ಅನ್ನುವ ಮಾನದಂಡ ಇದೆ. ಇದರ ಪ್ರಕಾರ ಕ್ಯಾಪ್ ಯಾವುದರಿಂದ ಮಾಡಿದ್ದಾದರೂ ಪರೀಕ್ಷೆ ಒಂದೇ. 200 ಜೌಲ್ ಹೊಡೆತ ತಡೆಯಬೇಕು, ನಿಧಾನವಾಗಿ ಒತ್ತಿದರೆ 15 ಕಿಲೋನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ತಡೆಯಬೇಕು. ಹಾಗಾಗಿ ಸರಿಯಾದ ಮಾರ್ಕ್ ಇರುವ ಎರಡು ಶೂಗಳಲ್ಲಿ ಸ್ಟೀಲಿನದು ಗಟ್ಟಿ, ಫೈಬರಿನದು ಸಡಿಲ ಅಂತೇನೂ ಇಲ್ಲ. ಫೈಬರ್ ಹಗುರ ನಿಜ, ಆದರೆ ಕ್ಯಾಪ್‌ನಿಂದ ಉಳಿಯುವ ತೂಕ ಶೂ ಒಂದಕ್ಕೆ ಕೆಲವು ಹತ್ತು ಗ್ರಾಂ ಮಾತ್ರ. ಶೂ ಭಾರ ಅನ್ನಿಸುವುದು ಮುಖ್ಯವಾಗಿ ಸೋಲಿನಿಂದ, ಅದನ್ನು ಮುಂದೆ ನೋಡೋಣ.

ಆದರೂ ಎರಡು ವ್ಯತ್ಯಾಸ ಗೊತ್ತಿರಲಿ. ಫೈಬರ್ ಕ್ಯಾಪ್ ಅಷ್ಟೇ ಬಲ ತಡೆಯಬೇಕಾದರೆ ಗೋಡೆ ದಪ್ಪ ಇರಬೇಕಾಗುತ್ತದೆ. ಹೊರಗಿಂದ ಒಂದೇ ಅಳತೆ ಕಂಡರೂ ಒಳಗೆ ಜಾಗ ಕಡಿಮೆ ಇರಬಹುದು, ಅಥವಾ ಶೂನ ಮೂತಿಯೇ ದಪ್ಪ ಇರುತ್ತದೆ. ಎರಡನೆಯದು, ಹೊಡೆತ ಬಿದ್ದ ಮೇಲಿನ ಕಥೆ. ಸ್ಟೀಲ್ ಬಗ್ಗಿದರೆ ಬಗ್ಗಿದ್ದು ಕಾಣುತ್ತದೆ, ಕೈಗೂ ತಾಗುತ್ತದೆ. ಫೈಬರ್ ಮತ್ತೆ ಮೊದಲಿನ ಆಕಾರಕ್ಕೆ ಬಂದು ಕೂರುತ್ತದೆ, ಬಿರುಕು ಚರ್ಮದ ಕೆಳಗೆ ಅಡಗಿರುತ್ತದೆ. ಒಮ್ಮೆ ದೊಡ್ಡ ಪೆಟ್ಟು ತಿಂದ ಮೇಲೆ ಎರಡೂ ಎಸೆಯಬೇಕಾದವೇ. ಆದರೆ ಫೈಬರ್ ಶೂ ಎಸೆಯಲು ಮನಸ್ಸು ಬರುವುದಿಲ್ಲ, ಯಾಕೆಂದರೆ ನೋಡಲು ಏನೂ ಆಗಿರುವುದಿಲ್ಲ ಅಲ್ವಾ.

200 ಜೌಲ್ ಅನ್ನುವುದನ್ನು ನಿಮ್ಮ ಕೆಲಸಕ್ಕೆ ಹಚ್ಚಿ ನೋಡೋಣ. ಅದು 20 ಕೆಜಿ ವಸ್ತು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಾಗಿನ ಹೊಡೆತ. ಸುಲಭವಾಗಿ ನೆನಪಿಡಲು ಒಂದು ಲೆಕ್ಕ: ಕೆಜಿಯಲ್ಲಿ ತೂಕ, ಮೀಟರಿನಲ್ಲಿ ಎತ್ತರ, ಎರಡನ್ನೂ ಗುಣಿಸಿ. 20ರ ಒಳಗೆ ಬಂದರೆ ಕ್ಯಾಪ್ ಪರೀಕ್ಷೆಯ ಮಿತಿಯೊಳಗಿದೆ. ನಿಮ್ಮ ಮಷಿನ್ ಟೇಬಲ್ ಎಷ್ಟು ಎತ್ತರ ಅಂತ ನೀವು ಬರೆದಿಲ್ಲ, 80 ಸೆಂಟಿಮೀಟರ್ ಅಂತ ಇಟ್ಟುಕೊಳ್ಳುತ್ತೇನೆ. 18 ಕೆಜಿ ಪೀಸು ಜಾರಿದರೆ 18 ಗುಣಿಸು 0.8, ಅಂದರೆ 14.4. ತೊಂದರೆ ಇಲ್ಲ. 35 ಕೆಜಿ ಪೀಸಾದರೆ 28. ಮಿತಿ ದಾಟಿತು. ಅಂದರೆ 35 ಕೆಜಿ ಪೀಸನ್ನು ಎತ್ತಲು ಶೂ ನಂಬಿಕೊಂಡು ಹೋಗಬೇಡಿ, ಅದಕ್ಕೆ ಹಾಯಿಸ್ಟ್ ಬೇಕು. ಹಾಗೆಯೇ ಭಾರ ತುಂಬಿದ ಫೋರ್ಕ್‌ಲಿಫ್ಟ್‌ನ ಮುಂದಿನ ಚಕ್ರವೂ ಒಂದೂವರೆ ಟನ್ ಸುಲಭವಾಗಿ ದಾಟಬಹುದು. "ಶೂ ಇದೆಯಲ್ಲ" ಅಂತ ಅದರ ದಾರಿಯಲ್ಲಿ ಕಾಲಿಡುವವರನ್ನು ನಾನು ಬಹಳ ಬೈದಿದ್ದೇನೆ.

ಈಗ ಜೆಲ್ ಇನ್‌ಸೋಲ್ ವಿಷಯ. ಪರೀಕ್ಷೆಯಲ್ಲಿ ಕ್ಯಾಪ್ ಒಡೆಯಬಾರದು ಅಂತ ಮಾತ್ರ ನೋಡುವುದಿಲ್ಲ. ಹೊಡೆತ ಬಿದ್ದು ಕ್ಯಾಪ್ ಕುಸಿದಾಗ ಅದರ ಕೆಳಗೆ ಎಷ್ಟು ಜಾಗ ಉಳಿಯುತ್ತದೆ ಅಂತ ಅಳೆಯುತ್ತಾರೆ. ನಿಮ್ಮ 7ನೇ ನಂಬರ್, ಅಂದರೆ ಯುರೋಪ್ ಅಳತೆಯ 41, ಇದಕ್ಕೆ ಕನಿಷ್ಠ 14 ಮಿಲಿಮೀಟರ್ ಉಳಿಯಬೇಕು. ಅಷ್ಟರಲ್ಲಿ ಬೆರಳು ಒತ್ತಿ ನೋಯಬಹುದು, ಆದರೆ ಜಜ್ಜಿ ಹೋಗುವುದಿಲ್ಲ. ಇದನ್ನು ಅಳೆಯುವುದು ಶೂ ಜೊತೆ ಬಂದ ಇನ್‌ಸೋಲ್ ಹಾಕಿಯೇ. ನೀವು ಅದರ ಮೇಲೆ 6 ಮಿಲಿಮೀಟರ್ ಜೆಲ್ ಹಾಕಿದರೆ ನಿಮ್ಮ ಬೆರಳು 6 ಮಿಲಿಮೀಟರ್ ಮೇಲೆ ಬಂತು. ಉಳಿಯುವ ಜಾಗ ಸುಮಾರು 8. ಜೆಲ್ ಸ್ವಲ್ಪ ಒತ್ತಿಕೊಳ್ಳುತ್ತದೆ ಅಂದುಕೊಂಡರೂ 10 ದಾಟುವುದು ಕಷ್ಟ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ಕಾಸ್ಟಿಂಗ್ ಉಜ್ಜಿ ನಯ ಮಾಡುವ ಫೆಟ್ಲಿಂಗ್ ವಿಭಾಗದ ಒಬ್ಬರ ಕಾಲಿನ ಮೇಲೆ ಕಾಸ್ಟಿಂಗ್ ಬಿತ್ತು. ತೂಕ, ಎತ್ತರ ಎರಡೂ ಮಿತಿಯೊಳಗೇ ಇದ್ದವು. ಕ್ಯಾಪ್ ಒಡೆದಿರಲಿಲ್ಲ. ಆದರೂ ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಿತ್ತು. ಶೂ ಕಳಪೆ ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ನಾನು ಶೂ ಬಿಚ್ಚಿ ನೋಡಿದೆ. ಒಳಗೆ ಎರಡು ಇನ್‌ಸೋಲ್, ಅವುಗಳ ಕೆಳಗೆ ಮಡಚಿದ ರಟ್ಟು. ಹಿಮ್ಮಡಿ ನೋವಿಗೆ ಅವರು ಮಾಡಿಕೊಂಡ ಉಪಾಯ. ಹಿಮ್ಮಡಿಗೆ ಮೆತ್ತಗೆ ಬೇಕು ಅಂದರೆ ಹಿಂಭಾಗಕ್ಕೆ ಮಾತ್ರ ಬರುವ ಹೀಲ್ ಪ್ಯಾಡ್ ಇಡಿ. ಇಲ್ಲವೇ ಹಳೆಯ ಇನ್‌ಸೋಲ್ ತೆಗೆದು, ಅದೇ ಕಂಪನಿ ಅದೇ ಶೂಗೆ ಅಂತ ಮಾರುವ ಹೊಸ ಇನ್‌ಸೋಲ್ ಹಾಕಿ. ಒಂದರ ಮೇಲೊಂದು ಬೇಡ.

ನಿಮ್ಮ ಬೆರಳ ನೋವು ಜಾಸ್ತಿ ಆಗಿದ್ದಕ್ಕೂ ಇದೇ ಕಾರಣ. ಸಾದಾ ಶೂನಲ್ಲಿ ದಪ್ಪ ಇನ್‌ಸೋಲ್ ಹಾಕಿದರೆ ಮೇಲಿನ ಚರ್ಮ ಹಿಗ್ಗಿ ದಾರಿ ಬಿಡುತ್ತದೆ. ಕ್ಯಾಪ್ ಹಿಗ್ಗುವುದಿಲ್ಲ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತದೆ" ಅನ್ನುವ ಮಾತು ಸೇಫ್ಟಿ ಶೂನ ಹಿಂಭಾಗಕ್ಕೆ, ಮಡಚುವ ಜಾಗಕ್ಕೆ ಸರಿ. ಮುಂಭಾಗಕ್ಕೆ ಯಾವತ್ತೂ ಸರಿಯಲ್ಲ. ಅಂಗಡಿಯಲ್ಲಿ ಬೆರಳಿಗೆ ತಾಗಿದರೆ ಎರಡು ವರ್ಷ ಬಿಟ್ಟರೂ ತಾಗುತ್ತಲೇ ಇರುತ್ತದೆ.

ಹಾಗಾದರೆ 8ನೇ ನಂಬರ್ ತಗೊಳ್ಳಬೇಕಾ? ಅವಸರ ಮಾಡಬೇಡಿ. ನಿಮ್ಮ ಹಳೆಯ ಶೂನಲ್ಲೇ ಉತ್ತರ ಇದೆ. ಜೆಲ್‌ನ ಕೆಳಗಿರುವ ಮೂಲ ಇನ್‌ಸೋಲ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ನಾಲ್ಕು ತಿಂಗಳ ಬೆವರಿಗೆ ಕಾಲಿನ ಅಚ್ಚು ಚೆನ್ನಾಗಿ ಬಿದ್ದಿರುತ್ತದೆ. ಹೆಬ್ಬೆರಳ ಅಚ್ಚು ಮುಂದಿನ ಅಂಚಿಗೆ ಬಂದು ಮುಟ್ಟಿದೆಯಾ? ಹಿಮ್ಮಡಿ ಅಚ್ಚು ತನ್ನ ಜಾಗದಲ್ಲೇ ಇದ್ದೂ ಬೆರಳು ಅಂಚು ಮುಟ್ಟಿದ್ದರೆ ಶೂ ಗಿಡ್ಡ, ದೊಡ್ಡ ನಂಬರ್ ಬೇಕು. ಹಿಮ್ಮಡಿ ಅಚ್ಚೂ ಮುಂದಕ್ಕೆ ಸರಿದಿದ್ದರೆ ಕಾಲು ಒಳಗೆ ಜಾರುತ್ತಿದೆ, ಅಂದರೆ ಲೇಸಿನ ತೊಂದರೆ. ಕಿರುಬೆರಳ ಅಚ್ಚು ಅರ್ಧ ಮಾತ್ರ ಕಂಡು ಇನ್ನರ್ಧ ಅಂಚಿನಾಚೆ ಹೋಗಿದ್ದರೆ ಅಗಲ ಸಾಲದು.

ಆಣಿ ಎದ್ದಿರುವುದು ಕಿರುಬೆರಳ ಮೇಲೆ. ಹಾಗಾಗಿ ನಿಮಗೆ ಅಗಲ ಸಾಲುತ್ತಿಲ್ಲ ಅಂತ ನನ್ನ ಅಂದಾಜು. ಇಲ್ಲಿಯೇ ಹೆಚ್ಚಿನವರು ತಪ್ಪು ಮಾಡುವುದು. ನಂಬರ್ ಒಂದು ಜಾಸ್ತಿ ಮಾಡಿದರೆ ಉದ್ದ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ, ಅಗಲ ಹೆಚ್ಚುವುದು ತೀರಾ ಕಡಿಮೆ. ಕಿರುಬೆರಳು ಆಮೇಲೂ ಉಜ್ಜುತ್ತಲೇ ಇರುತ್ತದೆ. ಉದ್ದ ಜಾಸ್ತಿ ಆದ್ದರಿಂದ ಕಾಲು ಮುಂದಕ್ಕೆ ಜಾರಿ ಉಗುರೂ ಹೊಡೆಯುತ್ತದೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಕಾಲು ಮುಂದೆ ಅಗಲ ಇರುವುದು ಸಹಜ. ಬೇಕಾಗಿರುವುದು ಮೂತಿ ಅಗಲ ಇರುವ ಮಾಡೆಲ್. ಅದೇ 7ನೇ ನಂಬರಿನಲ್ಲಿ ಬೇರೆ ಬೇರೆ ಕಂಪನಿಗಳ ಮೂರ್ನಾಲ್ಕು ಜೋಡಿ ತರಿಸಿ ನೋಡಿ. ಒಂದರ ಮೂತಿ ಚೂಪು, ಇನ್ನೊಂದರದು ಬಾತುಕೋಳಿ ಕೊಕ್ಕಿನ ಹಾಗೆ ಅಗಲ. ಎರಡನೆಯದು ನೋಡಲು ಚೆನ್ನಾಗಿರುವುದಿಲ್ಲ, ನಿಮಗೆ ಬೇಕಾಗಿರುವುದು ಅದೇ.

ಅಂಗಡಿಗೆ ಸಂಜೆ ಹೋಗಿ, ಸಾಧ್ಯವಾದರೆ ಶಿಫ್ಟ್ ಮುಗಿಸಿಕೊಂಡೇ ಹೋಗಿ. ದಿನವಿಡೀ ನಿಂತ ಕಾಲು ಬೆಳಗಿನ ಕಾಲಿಗಿಂತ ದಪ್ಪ ಇರುತ್ತದೆ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡಿರಿ. ಮೊದಲು ಶೂನ ಇನ್‌ಸೋಲ್ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಕಾಲು ಎಲ್ಲಿಯೂ ಅಂಚು ದಾಟಬಾರದು. ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಇರಬೇಕು. ಕೆಲವರಿಗೆ ಎರಡನೇ ಬೆರಳೇ ಉದ್ದ, ಅದನ್ನು ನೋಡಿ. ಸಾದಾ ಶೂ ಹಾಗೆ ಮೂತಿ ಒತ್ತಿ ಬೆರಳು ಹುಡುಕಲು ಇಲ್ಲಿ ಆಗುವುದಿಲ್ಲ, ಕ್ಯಾಪ್ ಅಡ್ಡ ಇದೆ. ಅದಕ್ಕೆ ಬದಲು ಲೇಸ್ ಕಟ್ಟದೆ ಕಾಲನ್ನು ಪೂರ್ತಿ ಮುಂದಕ್ಕೆ ತಳ್ಳಿ. ಹಿಮ್ಮಡಿಯ ಹಿಂದೆ ಕೈಬೆರಳು ಒಂದು ಇಳಿಯಬೇಕು. ಎರಡು ಇಳಿದರೆ ಶೂ ದೊಡ್ಡದು.

ಆಮೇಲೆ ಲೇಸ್ ಕಟ್ಟಿ ಕುಕ್ಕರಗಾಲಿನಲ್ಲಿ ಕೂತುಬಿಡಿ. ಅಂಗಡಿಯವರು ನಗಲಿ, ಪರವಾಗಿಲ್ಲ. ಎರಡು ನಿಮಿಷ ಹಾಗೇ ಕೂರಿ. ಬರ್ ತೆಗೆಯಲು ನೀವು ದಿನಾ ಹಾಗೆ ಕೂರುವವರು. ಕೂತಾಗ ಶೂ ಮಡಚುತ್ತದೆ, ಕ್ಯಾಪ್‌ನ ಹಿಂದಿನ ಅಂಚು ಬೆರಳುಗಳ ಬುಡಕ್ಕೆ ಒತ್ತುತ್ತದೆ. ಸರಿಯಾದ ಶೂನಲ್ಲಿ ಮಡಚುವ ಗೆರೆ ಬೆರಳಿನ ಬುಡದ ದಿಂಡಿನ ಬಳಿ ಬೀಳುತ್ತದೆ, ಕ್ಯಾಪ್ ಅಂಚು ಅದಕ್ಕಿಂತ ಮುಂದೆ ನಿಲ್ಲುತ್ತದೆ. ಗಿಡ್ಡ ಶೂನಲ್ಲಿ ಅಂಚು ಸರಿಯಾಗಿ ಗೆಣ್ಣಿನ ಮೇಲೆ ಬಂದು ಕೂರುತ್ತದೆ. ಮನೆಗೆ ಹೋದ ಮೇಲೆ ಪಾದದ ಮೇಲೆ ಅಡ್ಡಕ್ಕೆ ಕೆಂಪು ಗೆರೆ ಬಿದ್ದಿದೆಯಾ ಅಂತ ನೋಡುವುದಕ್ಕಿಂತ ಅಂಗಡಿಯಲ್ಲೇ ನೋಡುವುದು ಒಳ್ಳೆಯದು. ನಿಂತು ನಡೆದು ಮಾತ್ರ ನೋಡಿ ಶೂ ಕೊಳ್ಳುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಲೇಸಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಹಳ ಜನ ಶೂ ಕೊಟ್ಟ ದಿನ ಒಮ್ಮೆ ಲೇಸ್ ಕಟ್ಟುತ್ತಾರೆ, ಮತ್ತೆ ಬಿಚ್ಚುವುದೇ ಇಲ್ಲ. ಚಪ್ಪಲಿ ಮೆಟ್ಟಿದ ಹಾಗೆ ಕಾಲು ತೂರಿಸುತ್ತಾರೆ. ಹೀಗೆ ಹಾಕಿದರೆ ಪ್ರತಿ ಹೆಜ್ಜೆಗೂ ಕಾಲು ಮುಂದೆ ಜಾರಿ ಉಗುರು ಕ್ಯಾಪ್‌ಗೆ ಬಡಿಯುತ್ತದೆ. 12 ತಾಸಿನಲ್ಲಿ ಎಷ್ಟು ಸಾವಿರ ಹೆಜ್ಜೆ ಲೆಕ್ಕ ಹಾಕಿ. ಕಪ್ಪು ಉಗುರಿಗೆ ಅರ್ಧ ಕಾರಣ ಇದೇ ಇರಬಹುದು. ಹಿಮ್ಮಡಿಯನ್ನು ಹಿಂದಕ್ಕೆ ತಟ್ಟಿ ಕೂರಿಸಿ, ಆಮೇಲೆ ಬಿಗಿ ಮಾಡಿ. ಮಧ್ಯಾಹ್ನ ಕಾಲು ಊದಿದಾಗ ಒಮ್ಮೆ ಬಿಚ್ಚಿ ಮತ್ತೆ ಕಟ್ಟಿ.

ಕ್ಯಾಪ್, ಅಳತೆ ಆಯಿತು. ಇನ್ನು ಸೋಲ್. ಹಿಮ್ಮಡಿ ಉರಿಗೆ ಮುಖ್ಯ ಕಾರಣ ಇಲ್ಲಿದೆ, ಸರಿಯಾಗಿ ಆರಿಸಬೇಕಾಗಿರುವುದೂ ಇಲ್ಲೇ.

ಅಗ್ಗದ ಶೂಗಳಲ್ಲಿ ಪಿವಿಸಿ ಸೋಲ್ ಇರುತ್ತದೆ. ಅದು ನೀರಿಗೆ ಹೆದರುವುದಿಲ್ಲ, ಬೇಗ ಸವೆಯುವುದೂ ಇಲ್ಲ. ಆದರೆ ಒಳಗೆ ಗಾಳಿ ಗುಳ್ಳೆ ಕಡಿಮೆ ಇರುವುದರಿಂದ ಭಾರ. ನೊರೆಯ ಹಾಗಿರುವ ಪಿಯು ಸೋಲ್ ಅದೇ ಗಾತ್ರಕ್ಕೆ ಹೆಚ್ಚುಕಡಿಮೆ ಅರ್ಧ ತೂಕ. ಪಿವಿಸಿ ಹೊಡೆತ ಹೀರುವುದೂ ಕಡಿಮೆ, ಬಿಸಿಗೆ ಬೇಗ ಮೆತ್ತಗಾಗುತ್ತದೆ. ಕಾಂಕ್ರೀಟ್ ನೆಲದ ಮೇಲೆ 12 ತಾಸು ನಿಲ್ಲುವವರಿಗೆ ಇದು ಬೇಡ. ನಿಮಗೆ ಬೇಕಾಗಿರುವುದು ಡಬಲ್ ಡೆನ್ಸಿಟಿ ಪಿಯು. ಪಕ್ಕದಿಂದ ನೋಡಿದರೆ ಎರಡು ಪದರ ಕಾಣುತ್ತವೆ, ಸಾಮಾನ್ಯವಾಗಿ ಎರಡು ಬಣ್ಣ. ಮೇಲಿನದು ಮೆತ್ತಗೆ, ಕೆಳಗಿನದು ಗಟ್ಟಿ. ಹಿಮ್ಮಡಿ ಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಸ್ವಲ್ಪ ಒಳಗೆ ಹೋಗಿ ವಾಪಸ್ ಬರಬೇಕು. ಹಿಮ್ಮಡಿ ಹೊಡೆತ ಹೀರುವ ಗುಣ ಪರೀಕ್ಷೆ ಆಗಿದ್ದರೆ ಮಾರ್ಕಿನಲ್ಲಿ 'ಇ' ಅಕ್ಷರ ಇರುತ್ತದೆ. ಎಸ್1 ಅಥವಾ ಅದಕ್ಕಿಂತ ಮೇಲಿನ ದರ್ಜೆ ಅಂತ ಬರೆದಿದ್ದರೆ ಅದರಲ್ಲೇ ಅದು ಸೇರಿರುತ್ತದೆ.

ಈ ಪಿಯುಗೆ ಒಂದು ಕೆಟ್ಟ ಚಾಳಿ ಇದೆ. ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಅದು ಒಳಗಿನಿಂದ ಕೊಳೆಯುತ್ತದೆ. ಬೆಳಗಾವಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಗೋದಾಮಿನಲ್ಲಿ ಕೆಲವು ವರ್ಷ ಕೂತ ಹೊಸ ಶೂ ಮೊದಲ ದಿನವೇ ಬಿಸ್ಕತ್ತಿನ ಹಾಗೆ ಉದುರಿದ್ದನ್ನು ನಾನು ಸ್ಟೋರಿನಲ್ಲೇ ಕಂಡಿದ್ದೇನೆ. ಅದಕ್ಕೇ ಹಳೆಯ ಸ್ಟಾಕಿಗೆ ಅರ್ಧ ಬೆಲೆ ಅಂದರೆ ಖುಷಿಪಡಬೇಡಿ. ಶೂ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ. ಒಂದು ವರ್ಷದೊಳಗಿನದು ನೋಡಿ ತಗೊಳ್ಳಿ. ಸೋಲನ್ನು ಬಲವಾಗಿ ಬಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡರೂ ವಾಪಸ್ ಇಡಿ.

ಜಾರುವ ವಿಷಯ. ನಿಮ್ಮ ನೆಲದ ಮೇಲೆ ಮಷಿನ್ ತಂಪು ಮಾಡುವ ಕೂಲಂಟ್ ಬಿದ್ದಿರುತ್ತದೆ, ಅದರ ಮೇಲೆ ಲೋಹದ ಚೂರು, ಅಂದರೆ ಚಿಪ್ಸ್. ಮಾರ್ಕಿನಲ್ಲಿ ಎಸ್‌ಆರ್‌ಎ ಅಂತ ಇದ್ದರೆ ಸಾಬೂನು ನೀರು ಹಾಕಿದ ಟೈಲ್ಸ್ ಮೇಲೆ ಪರೀಕ್ಷೆ ಮಾಡಿದ್ದಾರೆ. ಎಸ್‌ಆರ್‌ಬಿ ಅಂದರೆ ಗ್ಲಿಸರಿನ್ ಸವರಿದ ಸ್ಟೀಲ್ ಮೇಲೆ. ಎಸ್‌ಆರ್‌ಸಿ ಅಂದರೆ ಎರಡೂ. ನೀವು ಎಸ್‌ಆರ್‌ಸಿ ಹುಡುಕಿ, ಜೊತೆಗೆ ಎಣ್ಣೆ ತಡೆಯುವ ಗುಣಕ್ಕೆ ಎಫ್‌ಒ. ಆದರೆ ಆ ಪರೀಕ್ಷೆ ನಡೆಯುವುದು ಸ್ವಚ್ಛ ಸೋಲಿನ ಮೇಲೆ. ಗೆರೆಗಳ ನಡುವೆ ಚಿಪ್ಸ್ ತುಂಬಿಕೊಂಡರೆ ಕಬ್ಬಿಣದ ಸೋಲಿನಲ್ಲಿ ನಡೆದ ಹಾಗೆಯೇ. ಶಿಫ್ಟ್ ಮುಗಿದಾಗ ತಂತಿ ಬ್ರಷ್‌ನಿಂದ ಎರಡು ಸಲ ಎಳೆದರೆ ಸಾಕು.

ಬಿಸಿ ಚಿಪ್ಸ್ ಬಹಳ ಬೀಳುವ ಕಡೆ, ಅಥವಾ ಗ್ಯಾಸ್ ಕಟಿಂಗ್ ಹತ್ತಿರ ಕೆಲಸ ಇದ್ದರೆ ಕೆಳಪದರ ನೈಟ್ರೈಲ್ ರಬ್ಬರ್ ಇರುವುದು ಬೇಕು. ಎಚ್‌ಆರ್‌ಒ ಅನ್ನುವ ಮಾರ್ಕ್ ಅದಕ್ಕೆ. 300 ಡಿಗ್ರಿ ಬಿಸಿ ಲೋಹಕ್ಕೆ ಒಂದು ನಿಮಿಷ ತಾಗಿಸಿ ಪರೀಕ್ಷೆ ಮಾಡಿರುತ್ತಾರೆ. ಬರೀ ಬರ್ ತೆಗೆಯುವ ಕೆಲಸಕ್ಕೆ ಅದಿಲ್ಲದಿದ್ದರೂ ನಡೆಯುತ್ತದೆ, ರಬ್ಬರ್ ಸ್ವಲ್ಪ ಭಾರ ಕೂಡ. ಎರಕ ಹೊಯ್ಯುವವರ ಕಥೆ ಪೂರ್ತಿ ಬೇರೆ. ಅವರಿಗೆ ಲೇಸ್ ಇರುವ ಶೂವೇ ಕೂಡದು. ಕರಗಿದ ಕಬ್ಬಿಣದ ಹನಿ ಲೇಸಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಬಿಚ್ಚುವಷ್ಟರಲ್ಲಿ ಕಾಲು ಸುಟ್ಟಿರುತ್ತದೆ. ಒಂದೇ ಎಳೆತಕ್ಕೆ ಕಳಚುವ ಬೂಟು, ಮೇಲೆ ಕಾಲುಕವಚ, ಪ್ಯಾಂಟ್ ಬೂಟಿನ ಹೊರಗೆ. ಒಳಗೆ ತುರುಕಿದ ಪ್ಯಾಂಟ್ ಅಂದರೆ ಹನಿಗೆ ಕೊಳವೆ ಜೋಡಿಸಿದ ಹಾಗೆ.

ನಿಮ್ಮ ಭಾವಮೈದನಿಗೆ ಇದೇ ಶೂ ಆಗುವುದಿಲ್ಲ. ಸೆಂಟ್ರಿಂಗ್ ಬಿಚ್ಚುವ ಜಾಗದಲ್ಲಿ ದೊಡ್ಡ ಶತ್ರು ಹಲಗೆಯಿಂದ ಮೇಲೆ ಚಾಚಿದ ಮೊಳೆ. ಅವರಿಗೆ ಸೋಲಿನೊಳಗೆ ತಗಡು ಅಥವಾ ಗಟ್ಟಿ ಬಟ್ಟೆಯ ಪದರ ಇರಲೇಬೇಕು. ಮಾರ್ಕಿನಲ್ಲಿ 'ಪಿ' ಅಂತ ಇರುತ್ತದೆ, ಎಸ್1ಪಿ ಅಥವಾ ಎಸ್3. ಸುಮಾರು 110 ಕೆಜಿ ಬಲದಲ್ಲಿ ಮೊಳೆ ಒತ್ತಿದರೂ ತೂರಬಾರದು ಅನ್ನುವುದು ಅದರ ಪರೀಕ್ಷೆ. ಬಟ್ಟೆಯ ಪದರ ಅಂಚಿನಿಂದ ಅಂಚಿಗೆ ಅಂಗಾಲು ಪೂರ್ತಿ ಮುಚ್ಚುತ್ತದೆ, ಚೆನ್ನಾಗಿ ಬಗ್ಗುತ್ತದೆ. ಆದರೆ ಪರೀಕ್ಷೆಯ ಮೊಳೆ ನಾಲ್ಕೂವರೆ ಮಿಲಿಮೀಟರ್ ದಪ್ಪದ್ದು. ಸೆಂಟ್ರಿಂಗ್‌ನ ತೆಳು ಮೊಳೆಗೆ ತಗಡೇ ಹೆಚ್ಚು ನಂಬಿಕೆಯದು. ನಾನಾದರೆ ಅವರಿಗೆ ಸ್ಟೀಲ್ ತಗಡು ಹೇಳುತ್ತೇನೆ, ಸ್ವಲ್ಪ ಬಿರುಸು ಅನ್ನಿಸಿದರೂ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಸ್ಲ್ಯಾಬ್ ಮೇಲೆ ನಿಲ್ಲುವವರಿಗೆ ಕ್ಯಾಪ್ ಮಾತ್ರ ಫೈಬರ್ ಇದ್ದರೆ ಒಳ್ಳೆಯದು, ಸ್ಟೀಲ್ ಕ್ಯಾಪಿನಷ್ಟು ಕಾಯುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಚರ್ಮದ ಶೂ ಬೇಡ. ಹಸಿ ಸಿಮೆಂಟ್ ಒಳಗೆ ಇಳಿದರೆ ಚರ್ಮ ಸುಡುತ್ತದೆ, ಉರಿ ಗೊತ್ತಾಗುವುದು ತಡವಾಗಿ. ಆ ದಿನಕ್ಕೆ ಕ್ಯಾಪ್, ತಗಡು ಎರಡೂ ಇರುವ ಗಮ್‌ಬೂಟು.

ನಿಮಗೆ ಮಷಿನ್ ಶಾಪ್‌ನಲ್ಲಿ 'ಪಿ' ಬೇಕಾ? ಟರ್ನಿಂಗ್‌ನ ಉದ್ದನೆಯ ಚಿಪ್ಸ್ ನೆಲದಲ್ಲಿ ಬಹಳ ಇದ್ದರೆ ಬಟ್ಟೆಯ ಪದರದ್ದು ತಗೊಳ್ಳಿ. ಇಲ್ಲದಿದ್ದರೆ ಎಸ್1 ಸಾಕು. ತಗಡಿನ ಸೋಲ್ ಕುಕ್ಕರಗಾಲಿನಲ್ಲಿ ಕೂರುವವರಿಗೆ ಬಿಗಿ ಆಗುತ್ತದೆ, ಸುಮ್ನೆ ಯಾಕೆ?

ಎಸ್1 ಶೂನಲ್ಲಿ 'ಆಂಟಿಸ್ಟ್ಯಾಟಿಕ್' ಅಂತ ಬರೆದಿರುತ್ತದೆ. ಅದು ಶಾಕ್ ತಡೆಯುತ್ತದೆ ಅಂತ ತಿಳಿದವರು ಇದ್ದಾರೆ. ತಡೆಯುವುದಿಲ್ಲ. ಮೈಮೇಲಿನ ಸ್ಥಿರ ವಿದ್ಯುತ್ತನ್ನು ನಿಧಾನವಾಗಿ ನೆಲಕ್ಕೆ ಇಳಿಸುವ ಸೋಲ್ ಅದು. ಕರೆಂಟಿನ ಕೆಲಸ ಮಾಡುವವರು ಅದನ್ನು ನಂಬಬಾರದು.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಗುರುತಿನ ಜೊತೆ ಇರುವ ನಂಬರ್ ಓದಬೇಕು. ಐಎಸ್ 15298, ಭಾಗ 2 ಇದ್ದರೆ 200 ಜೌಲ್. ಭಾಗ 3 ಆದರೆ 100 ಜೌಲ್ ಮಾತ್ರ. ಭಾಗ 4ರ ಶೂಗೆ ಟೋ ಕ್ಯಾಪ್ ಇರಬೇಕು ಅನ್ನುವ ಕಟ್ಟಳೆಯೇ ಇಲ್ಲ. ಮೂರೂ ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಕೂತಿರಬಹುದು, ಮೂರಕ್ಕೂ ಅದೇ ಗುರುತು. ಗುರುತಿನ ಬಳಿ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿ, ಯಾವ ವಸ್ತು ಅಂತ ತೋರಿಸುತ್ತದೆ. ಬೇರೆ ಕಂಪನಿ ಹೆಸರು ಬಂದರೆ ಆ ಶೂ ಅಲ್ಲೇ ಬಿಟ್ಟು ಬನ್ನಿ.

ಅಂದ ಹಾಗೆ, ನೀವು ಯಾಕೆ ಸ್ವಂತ ದುಡ್ಡು ಹಾಕುತ್ತಿದ್ದೀರಿ? ಸುರಕ್ಷತೆಗೆ ಕೊಡುವ ಸಾಮಾನಿಗೆ ಕೆಲಸಗಾರರಿಂದ ಹಣ ತಗೊಳ್ಳುವಂತಿಲ್ಲ. ನಿಮ್ಮ ಸೇಫ್ಟಿ ಆಫೀಸರ್ ಅಥವಾ ಸೂಪರ್‌ವೈಸರ್ ಬಳಿ ಅಚ್ಚು ಬಿದ್ದ ಇನ್‌ಸೋಲ್ ತೆಗೆದುಕೊಂಡೇ ಹೋಗಿ. "ನೋವಾಗುತ್ತದೆ ಸರ್" ಅಂದರೆ "ಎಲ್ಲರಿಗೂ ಆಗುತ್ತದೆ" ಅನ್ನುತ್ತಾರೆ. "ಅಗಲ ಸಾಲದು, ಕಿರುಬೆರಳು ಅಂಚಿನಾಚೆ ಹೋಗಿದೆ, ನೋಡಿ" ಅಂತ ತೋರಿಸಿದರೆ ಮಾತು ಬೇರೆ ಆಗುತ್ತದೆ. ನಾನು ಆ ಕುರ್ಚಿಯಲ್ಲಿದ್ದಾಗ ಹಾಗೆ ಬಂದವರನ್ನು ವಾಪಸ್ ಕಳಿಸುವುದು ನನಗೂ ಕಷ್ಟವಾಗುತ್ತಿತ್ತು. ಕೇಳುವುದಾದರೆ ಎರಡು ಜೋಡಿ ಕೇಳಿ. 12 ತಾಸಿನ ಬೆವರು ಮತ್ತು ಕೂಲಂಟ್ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಒತ್ತಿಹೋದ ಪಿಯು ಕೂಡ ಅಷ್ಟರಲ್ಲಿ ಪೂರ್ತಿ ಎದ್ದು ಬರುವುದಿಲ್ಲ. ದಿನ ಬಿಟ್ಟು ದಿನ ಬದಲಿಸಿ ಹಾಕಿದರೆ ಎರಡು ಜೋಡಿ, ಒಂದಾದ ಮೇಲೊಂದು ಹಾಕಿದ ಎರಡು ಜೋಡಿಗಿಂತ ಹೆಚ್ಚು ದಿನ ಬರುತ್ತವೆ. ಒದ್ದೆ ಆದರೆ ಒಳಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಇಡಿ. ಒಲೆ ಪಕ್ಕ, ಫರ್ನೇಸ್ ಪಕ್ಕ ಇಟ್ಟರೆ ಚರ್ಮ ಹಪ್ಪಳ ಆಗುತ್ತದೆ.

ಸೋಲಿಗೆ ತೂತು ಬೀಳುವವರೆಗೆ ಕಾಯಬೇಡಿ. ಹಿಮ್ಮಡಿಯ ಮೆತ್ತನೆ ಪದರದಲ್ಲಿ ಪಕ್ಕದಿಂದ ನೋಡಿದಾಗ ಅಡ್ಡ ಸುಕ್ಕು ಕಾಣುತ್ತಿದ್ದರೆ, ಬೆರಳಿಂದ ಒತ್ತಿದರೆ ಮೊದಲಿನ ಹಾಗೆ ಪುಟಿಯದಿದ್ದರೆ ಅದರ ಕೆಲಸ ಮುಗಿಯಿತು. ಮೇಲಿನ ಚರ್ಮ ಹೊಸದರ ಹಾಗೆ ಹೊಳೆಯುತ್ತಿದ್ದರೂ ಅಷ್ಟೇ.

ಹಿಮ್ಮಡಿ ಉರಿ ಸಂಜೆ ಮಾತ್ರ ಇದ್ದರೆ ಶೂ ಬದಲಿಸಿ ಎರಡು ಮೂರು ವಾರ ನೋಡಿ. ನೀವು ನಿಲ್ಲುವ ಜಾಗಕ್ಕೆ ಒಂದು ರಬ್ಬರ್ ಮ್ಯಾಟ್ ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಡುವಾಗಲೇ ಚುಚ್ಚುತ್ತಿದ್ದರೆ ಅಂಗಾಲಿನ ಪಟ್ಟಿಗೆ ಉರಿಯೂತ ಆಗಿರಬಹುದು, ಮೂಳೆ ಡಾಕ್ಟರರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಕಾಯುವುದೇ ಬೇಡ, ಆಣಿಯನ್ನು ಬ್ಲೇಡಿನಿಂದ ಕೆತ್ತುವುದಂತೂ ಬೇಡವೇ ಬೇಡ. ಕಪ್ಪು ಉಗುರು ನೋವಿಲ್ಲದೆ ಗಟ್ಟಿಯಾಗಿ ಕೂತಿದ್ದರೆ ಹಾಗೇ ಬಿಡಿ. ಶೂ ಸರಿಹೋದರೆ ಬುಡದಿಂದ ಬಿಳಿ ಉಗುರು ಬರತೊಡಗುತ್ತದೆ. ಪೂರ್ತಿ ಬದಲಾಗಲು ಒಂದು ವರ್ಷದ ಮೇಲೆ ಹಿಡಿಯುತ್ತದೆ. ಎರಡು ಮೂರು ತಿಂಗಳಾದರೂ ಬುಡದಲ್ಲಿ ಮತ್ತೆ ಕಪ್ಪೇ ಬರುತ್ತಿದ್ದರೆ ಹೊಸ ಶೂನ ಇನ್‌ಸೋಲನ್ನೂ ತೆಗೆದು ಬೆಳಕಿಗೆ ಹಿಡಿದು ನೋಡಿ.